ಇಂಡಿ ಲಿಂಬಿ ಉಪ್ಪಿನಕಾಯಿಗೆ ಇರಲಿ, ಬಗಲಿಗೆ ಬ್ಯಾಡ

ನಮ್ಮ ಕಡೆ ಲಿಂಬಿಹಣ್ಣಿಗೇನು ಬರ ಇಲ್ಲ. ಇಂಡಿ ತ್ವಾಟದ ಲಿಂಬಿ ಅಂದ್ರ ಊರೂರಿಗೆ ಹೆಸರು. ಜಿ.ಐ. ಟ್ಯಾಗ್ ಸುದ್ದಾ ಸಿಕ್ಕದ, ಲಿಂಬಿ ಅಭಿವೃದ್ಧಿ ಮಂಡಳಿ ಅಂತ ಸರ್ಕಾರದ್ದು ಒಂದು ಅದ, ಅದೂ ಇಂಡ್ಯಾಗನ ಅದ. ಹಂಗಾಗಿ ಸಿಂದಗಿ ಇರಲಿ, ಮುದ್ದೇಬಿಹಾಳ ಇರಲಿ, ಬಸವನ ಬಾಗೇವಾಡಿ ಇರಲಿ, ಯಾರ ಮನಿ ಅಡಗಿ ಕಟ್ಟಿ ಮ್ಯಾಲ ನೋಡಿದ್ರೂ ನಾಕು ಲಿಂಬಿಹಣ್ಣು ಇದ್ದ ಇರ್ತಾವ. ಅದಕ್ಕ ಮನ್ಯಾಗಿನ ಹುಡುಗಿ "ಅವ್ವಾ, ನನ್ನ ಬಗಲು ಕಪ್ಪಾಗ್ಯಾವ" ಅಂತ ಬಾಯಿ ಬಿಟ್ಟಕೂಡ್ಲೆ ನಮ್ಮ ಕೈ ಹೋಗೂದು ಲಿಂಬಿ ಕಡೆನ. ಅರ್ಧಾ ಹೋಳು ಹೆಚ್ಚಿ, ಸಕ್ರಿನೋ ಅಡಗಿ ಸೋಡಾನೋ ಅದ್ದಿ, "ತಿಕ್ಕು, ಗಸಗಸ ತಿಕ್ಕು, ಹೋಗ್ತದ" ಅಂತೀವಿ.

ನಾ ಈ ಲಿಂಬಿ ತಿಕ್ಕೂದಕ್ಕ ವಿರುದ್ಧ ಅದೀನಿ. ಬರೀ ಲಿಂಬಿಗಲ್ಲ, ತಿಕ್ಕೂದಕ್ಕ ವಿರುದ್ಧ. ಯಾಕ ಅಂತ ಇವತ್ತು ಕುಂತು ಬರೀಲಾಕತ್ತೀನಿ. ಇದು ಹೆಣ್ಮಕ್ಕಳ ಮಾತು, ನಾವ್ ನಾವ ಕುಂತಾಗ ಸುದ್ದಾ ಅರ್ಧಾ ಮಾತು ನುಂಗಿ ಮಾತಾಡ್ತೀವಿ. ಬಗಲು, ತೊಡಿ ಸಂದಿ ಅನ್ನೂ ಶಬ್ದ ಬರೀಲಾಕ ನನಗೇನು ನಾಚಿಕಿಲ್ಲ, ಓದಲಿಕ್ಕ ನಿಮಗೂ ಬ್ಯಾಡ.

ಮೊದಲ ಮಾತು, ಆ ಕಪ್ಪು ಮಣ್ಣಲ್ಲ, ಕೊಳಿ ಅಲ್ಲ. ಎಷ್ಟೋ ಮನ್ಯಾಗ ಹುಡಿಗ್ಯಾರಿಗೆ "ಸರಿಯಾಗಿ ಜಳಕಾ ಮಾಡಂಗಿಲ್ಲ ನೀ" ಅಂತ ಬೈಯೂದು ನಾ ಕೇಳೀನಿ. ಪಾಪ ಅವು ಇನ್ನಷ್ಟು ಜೋರಾಗಿ ತಿಕ್ಕತಾವ, ಜಾಳಗಿ ತಗೊಂಡು, ಕಲ್ಲು ತಗೊಂಡು. ಖರೇ ಏನಂದ್ರ, ನಮ್ಮ ತೊಗಲಿಗೆ ಯಾವಾಗ ತ್ರಾಸ ಆದ್ರೂ ಅದು ಕಪ್ಪು ಬಣ್ಣ ಹೆಚ್ಚಿಗಿ ಮಾಡಿ ಆ ಜಾಗಾದಾಗ ಇಡ್ತದ. ಮುಖದ ಮ್ಯಾಲ ಮೊಡವಿ ಒಡದ ಮ್ಯಾಲ ಕಪ್ಪು ಕಲಿ ಉಳೀತದಲ್ಲ, ಸೊಳ್ಳಿ ಕಡದಲ್ಲಿ ಕೆರಕೊಂಡ್ರ ಕಾಲ ಮ್ಯಾಲ ಕಪ್ಪಾಗ್ತದಲ್ಲ, ಅದ ಲೆಕ್ಕ ಇಲ್ಲೂ. ನಮ್ಮಂಥ ಗೋದಿಬಣ್ಣದ, ಕಪ್ಪುಬಣ್ಣದ ತೊಗಲಿಗೆ ಇದು ಜಾಸ್ತಿ. ಬಗಲೊಳಗ ದಿನಾ ಕುಬಸದ ಹೊಲಿಗಿ ಉಜ್ಜತದ, ಮ್ಯಾಲ ಬೆವರು, ಮ್ಯಾಲ ಬ್ಲೇಡು, ಬ್ಲೇಡಿನ ಮ್ಯಾಲ ಘಮ್ ಅನ್ನೂ ಸ್ಪ್ರೇ. ತೊಡಿ ಸಂದ್ಯಾಗ ತೊಗಲಿಗೆ ತೊಗಲು ಉಜ್ಜತದ. ಉಜ್ಜಿ ಉಜ್ಜಿ ಆ ತೊಗಲು ದಪ್ಪಾನೂ ಆಗ್ತದ, ಹೊಲದಾಗ ಕುರುಪಿ ಹಿಡದ ಅಂಗೈ ಜಡ್ಡುಗಟ್ಟಿದಂಗ. ಅಂದ ಮ್ಯಾಲ ಉಜ್ಜಿದ್ದಕ್ಕ ಬಂದ ಕಪ್ಪು ಮತ್ತ ಉಜ್ಜಿದ್ರ ಹೋಗ್ತದೇನ್ರಿ?

ಇನ್ನ ಲಿಂಬಿ. ಲಿಂಬಿರಸ ಭಾಳ ಹುಳಿ, ತೊಗಲಿಗೆ ಅಷ್ಟು ಹುಳಿ ತಡಕೊಳ್ಳೂದಾಗಂಗಿಲ್ಲ. ಅದರಾಗ ನಿನ್ನೆರೆ ಬ್ಲೇಡು ಆಡಿಸಿದ್ದಿದ್ರ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗಾಯ ಇರ್ತಾವ, ಅದಕ್ಕ ಉರಿ ಏಳ್ತದ. "ಉರಿ ಅದ ಅಂದ್ರ ಕೆಲಸ ಮಾಡಾಕತ್ತದ" ಅಂತಾರ ಕೆಲವರು. ಕೆಲಸ ಏನೂ ಇಲ್ಲ, ಸುಡಾಕತ್ತದ, ಅಷ್ಟ. ಆ ಉರಿಗೆ ತೊಗಲು ಮತ್ತ ಕಪ್ಪು ಮಾಡಿ ಇಡ್ತದ. ಸೋಡಾ ಅದರ ಉಲ್ಟಾ, ಅದು ಕ್ಷಾರ. ನಮ್ಮ ತೊಗಲು ಇರೂದು ಜರಾ ಹುಳಿ ಕಡೆ. ಹುಳಿ ಒಮ್ಮೆ, ಕ್ಷಾರ ಒಮ್ಮೆ ಮಾಡಿದ್ರ ತೊಗಲಿನ ಮ್ಯಾಲಿನ ಪದರು ಹಾಳಾಗ್ತದ.

ಲಿಂಬಿದು ಇನ್ನೊಂದು ಗುಣ ಅದ, ಅದು ಭಾಳ ಮಂದಿಗೆ ಗೊತ್ತಿಲ್ಲ. ಅದರ ಸಿಪ್ಪಿ ಎಣ್ಣ್ಯಾಗ ಮತ್ತ ರಸದಾಗ ಇರೂ ಒಂದು ಪದಾರ್ಥ ಬಿಸಲು ತಾಗಿದ್ರ ತೊಗಲು ಸುಡ್ತದ. ಹೋಳಿನಿಂದ ತಿಕ್ಕೂವಾಗ ಸಿಪ್ಪಿ ಎಣ್ಣಿನೂ ಹತ್ತತದ, ರಸ ತೋಳಿಗೆ ಸೋರತದ. ಹಂಗ ಮಾಳಿಗಿ ಮ್ಯಾಲ ಅರಬಿ ಒಣಗಹಾಕಲಿಕ್ಕ ಹೋದ್ರ, ನಮ್ಮ ವಿಜಯಪುರ ಜಿಲ್ಲಾದ ಬಿಸಲು ಗೊತ್ತಲ್ಲ, ಒಂದೆರಡು ದಿನದಾಗ ಸೋರಿದ ಗೆರಿ ಹಂಗ ಕೆಂಪಾಗಿ ಗುಳ್ಳಿ ಏಳ್ತಾವ. ಗುಳ್ಳಿ ಒಣಗಿದ ಮ್ಯಾಲ ಆ ಗೆರಿ ಕಪ್ಪಾಗಿ ವಾರಗಟ್ಟಲೆ, ಕೆಲವರಿಗೆ ತಿಂಗಳಗಟ್ಟಲೆ ಉಳೀತದ. ಬೆಳ್ಳಗಾಗ್ಲಿ ಅಂತ ಹಚ್ಚಿದ್ದು ಕಪ್ಪು ಬರದು ಹೋಗ್ತದ. ಉಪ್ಪಿನಕಾಯಿಗೆ ನೂರು ಲಿಂಬಿ ಹೆಚ್ಚಿದ ದಿನ ಕೈ ಸಾಬಣ ಹಚ್ಚಿ ತೊಳಕೊಂಡ ಮ್ಯಾಲನ ಬಿಸಲಿಗೆ ಹೋಗ್ರಿ, ಅದೂ ಇದಕ್ಕನ.

ಕಡ್ಲಿಹಿಟ್ಟು, ಅರಿಶಿಣ, ಮಸರು ಹಚ್ಚೋರ ಮ್ಯಾಲ ನನಗ ಅಷ್ಟು ಸಿಟ್ಟಿಲ್ಲ. ತೆಳ್ಳಗ ಹಚ್ಚಿ ನೀರಾಗ ತೊಳಕೊಂಡ್ರ ತೊಂದ್ರಿ ಇಲ್ಲ, ಲಾಭಾನೂ ಹೇಳಿಕೊಳ್ಳೂವಷ್ಟಿಲ್ಲ. ಆದ್ರ ಒಣಗೂತನ ಬಿಟ್ಟು, ಆಮ್ಯಾಲ ಬಟ್ಟಲಿಂದ ಉದುರಿಸಿದಂಗ ತಿಕ್ಕಿ ತಿಕ್ಕಿ ತಗೀತಾರಲ್ಲ, ಅದು ಬ್ಯಾಡ.

ಮಾತು ಹೇಳಿದ್ರ ಯಾರೂ ನಂಬಂಗಿಲ್ಲ, ನಮ್ಮ ಅಕ್ಕನ ಮಗಳ ಕತಿ ಹೇಳ್ತೀನಿ, ಆಕಿನ ಕೇಳಿನ ಬರೀಲಾಕತ್ತೀನಿ. ಹೆಸರು ಬ್ಯಾಡ ಅಂದಾಳ. ಸಿಂದಗಿ ಒಳಗಿರ್ತಾಳ, ಇಪ್ಪತ್ನಾಕರ ಹುಡುಗಿ. ಯುಗಾದಿ ಹೊತ್ತಿಗೆ ಲಗ್ನ ಗೊತ್ತಾತು, ದೀಪಾವಳಿ ಆದ ಮ್ಯಾಲ ಮುಹೂರ್ತ. ಸ್ಲೀವ್‌ಲೆಸ್ ಕುಬಸ ಹಾಕೋ ಆಸೆ ಆಕಿದು. ವಾರಕ್ಕ ಎರಡು ಸಲ ಬ್ಲೇಡ್ ಆಡಿಸಾಕಿ. ಸಾಬಣ ಸುದ್ದಾ ಹಚ್ಚತಿರಲಿಲ್ಲ, ಒಣಾ ತೊಗಲಿನ ಮ್ಯಾಲ, ಕೂದಲದ ಉಲ್ಟಾ ದಿಕ್ಕಿಗೆ, ಮೂರು ತಿಂಗಳ ಹಿಂದಿನ ಬ್ಲೇಡು. ಅದ ದಿನಾನ ಸ್ಪ್ರೇ. ಮೂರು ವಾರ ಲಿಂಬಿ ಸಕ್ರಿ ತಿಕ್ಕಿದ್ಲು. ಬಗಲೊಳಗ ಸಣ್ಣ ಸಣ್ಣ ಕೆಂಪು ಗುಳ್ಳಿ ಎದ್ದು, ಅವು ಒಣಗಿ ಕಪ್ಪು ಚುಕ್ಕಿ ಆದ್ವು.

ಆಮ್ಯಾಲ ಗೆಳತಿ ಹೇಳಿದಂಗ ಮೆಡಿಕಲ್ ಅಂಗಡ್ಯಾಗ ಹೋಗಿ "ಬಗಲು ಬೆಳ್ಳಗಾಗೂ ಕ್ರೀಮ್ ಕೊಡ್ರಿ" ಅಂದ್ಲು. ಅಂವಾ ಚೀಟಿ ಕೇಳಲಿಲ್ಲ, ಏನೂ ಕೇಳಲಿಲ್ಲ, ಒಂದು ಟ್ಯೂಬು ಕೊಟ್ಟ. ಹದಿನೈದು ದಿನದಾಗ ಖರೇನ ಬೆಳ್ಳಗಾತು. ಹಿಗ್ಗೇ ಹಿಗ್ಗು! ತೊಡಿ ಸಂದಿಗೂ ಹಚ್ಚಲಾಕ ಶುರು ಮಾಡಿದ್ಲು, ಎರಡು ತಿಂಗಳು ಹಚ್ಚಿದ್ಲು. ಒಂದು ವಾರ ಟ್ಯೂಬು ತೀರಿ ಬಿಟ್ಟಿದ್ದಕ್ಕ ಕೆಂಪಾಗಿ ಉರಿ ಎದ್ತು, ಮತ್ತ ಹಚ್ಚಿದ್ರ ಶಾಂತ ಆಗೂದು. ಕಡಿಗೆ ತೊಡಿ ಸಂದ್ಯಾಗ ತೊಗಲು ತೆಳ್ಳಗ ಕಾಗದದಂಗಾಗಿ, ಬಾಣಂತಿ ಹೊಟ್ಟಿ ಮ್ಯಾಲ ಇರ್ತಾವಲ್ಲ, ಹಂಥಾ ಗೆರಿ ಕೆಂಪಗ ಮೂಡಿದ್ವು. ಆವಾಗ ಅವರವ್ವ ನನಗ ಫೋನ್ ಮಾಡಿದ್ಲು, ನಾ ಕರಕೊಂಡು ವಿಜಯಪುರಕ್ಕ ತೊಗಲಿನ ಡಾಕ್ಟರ್ ಕಡೆ ಹೋದೆ.

ಡಾಕ್ಟರ್ ಬಾಯಿ ಟ್ಯೂಬು ಕೈಯಾಗ ಹಿಡದು ಹಿಂದಿನ ಸಣ್ಣ ಅಕ್ಷರ ತೋರಿಸಿದ್ರು. ಅದರಾಗ ಮೂರು ಔಷಧ ಕೂಡಿಸಿತ್ತು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮತ್ತ ಮೊಮೆಟಾಸೋನ್ ಅನ್ನೂ ಸ್ಟಿರಾಯ್ಡ್. ಇದು ಮುಖದ ಬಂಗಿಗೆ ಡಾಕ್ಟರು ಲೆಕ್ಕ ಮಾಡಿ ಕೆಲವು ವಾರ ಅಷ್ಟ ಕೊಡೂ ಔಷಧ. ಬಗಲು, ತೊಡಿ ಸಂದಿ ಅಂದ್ರ ಮುಚ್ಚಿದ ಜಾಗಾ, ಬೆವರು, ತೊಗಲಿಗೆ ತೊಗಲು ಹತ್ತಿರ್ತದ. ಅಲ್ಲಿ ಔಷಧ ಬ್ಯಾರೆ ಕಡೆಗಿಂತ ಜಾಸ್ತಿ ಒಳಗ ಇಳೀತದ. ಸ್ಟಿರಾಯ್ಡು ತೊಗಲು ತೆಳ್ಳಗ ಮಾಡ್ತದ, ಗೆರಿ ಮೂಡಿಸ್ತದ, ಆ ಗೆರಿ ಪೂರ್ತಿ ಹೋಗಂಗಿಲ್ಲ. ಮಗಳ ಬಗಲಿನ ಕಪ್ಪು ಮುಂದ ತಿಳಿ ಆತು, ತೊಡಿ ಮ್ಯಾಲಿನ ಗೆರಿ ಮಾತ್ರ ಇವತ್ತೂ ಅದಾವ, ಕೆಂಪು ಹೋಗಿ ಬೆಳ್ಳಗಾಗ್ಯಾವ ಅಷ್ಟ.

2018ರಾಗ ಕೇಂದ್ರ ಸರ್ಕಾರ ಇಂಥಾ ಸ್ಟಿರಾಯ್ಡ್ ಮುಲಾಮುಗಳನ್ನ ಶೆಡ್ಯೂಲ್ ಎಚ್ ಒಳಗ ತಂದು, ಡಾಕ್ಟರ್ ಚೀಟಿ ಇಲ್ಲದ ಮಾರಬಾರದು ಅಂತ ಮಾಡ್ಯದ. ಕಾನೂನು ಅದ, ಆದ್ರ ಗಲ್ಲೆದ ಮ್ಯಾಲ ಟ್ಯೂಬೂ ಹಂಗ ಬರ್ತದ. ಅದಕ್ಕ ನಾವ ಓದಬೇಕು. ಹೆಸರಿನ ಕೊನಿಗೆ "ಸೋನ್" ಅಂತ ಬಂದ್ರ, ಬೀಟಾಮೆಥಾಸೋನ್, ಮೊಮೆಟಾಸೋನ್ ಇದ್ದಂಗ, ಅಥವಾ ಕ್ಲೋಬೆಟಾಸೋಲ್, ಫ್ಲುಒಸಿನೋಲೋನ್ ಅಂತಿದ್ರ, ಅದು ಸ್ಟಿರಾಯ್ಡು. ಡಬ್ಬಿ ಮ್ಯಾಲ ಆರ್‌ಎಕ್ಸ್ ಅನ್ನೂ ಗುರುತು ಇದ್ರ ಅದು ಚೀಟಿ ಮ್ಯಾಲಿನ ಔಷಧ. ಇಂಗ್ಲಿಷ್ ಬರದಿದ್ರ ಮೊಮ್ಮಕ್ಕಳ ಕಡೆ ಓದಿಸ್ರಿ. ತುರಿಕಿಗೆ, ಹುಳಕಡ್ಡಿಗೆ ಅಂತ ಕೊಡೂ ಮುಲಾಮಿನಾಗೂ ಇದು ಕೂಡಿರ್ತದ, ಜ್ವಾಕಿ.

ಆ ಡಾಕ್ಟರ್ ಬಾಯಿ ಔಷಧ ಬರಿಯೂಕಿಂತ ಮೊದಲು ಮಾಡಿದ್ದು ನನಗ ಭಾಳ ಚಲೋ ಅನಿಸ್ತು. ಆಕಿ ಕುತಗಿ ಹಿಂದ ಕೈ ಆಡಿಸಿ ನೋಡಿದ್ರು, "ತಿಂಗಳದ್ದು ಸರಿ ಬರ್ತದೇನವಾ" ಅಂತ ಕೇಳಿದ್ರು, ಮನ್ಯಾಗ ಯಾರಿಗೆ ಸಕ್ರಿ ಬ್ಯಾನಿ ಅದ ಕೇಳಿದ್ರು. ತೊಡಿ ಸಂದಿ ಹೊಟ್ಟು ಜರಾ ಕೆರದು ಗಾಜಿನ ಮ್ಯಾಲ ಹಾಕಿ ಹುಳಕಡ್ಡಿ ಇಲ್ಲ ಅಂತ ಖಾತ್ರಿ ಮಾಡಿಕೊಂಡ್ರು. ಯಾಕಂದ್ರ ಎಲ್ಲಾ ಕಪ್ಪೂ ಒಂದ ಅಲ್ಲ. ಇದು ನಮ್ಮ ಕಣ್ಣಿಗೂ ಗೊತ್ತಾಗೂವಂಥಾದ್ದು, ಹೇಳ್ತೀನಿ.

ಉಜ್ಜಿ ಆದ ಕಪ್ಪು ಉಜ್ಜೂ ಜಾಗಾಕ್ಕಷ್ಟ ಇರ್ತದ. ಕುಬಸದ ತೋಳು ಜೋಡಿಸಿದ ಹೊಲಿಗಿ ಗೆರಿ ಹಿಡದೋ, ತೊಡಿ ತೊಡಿಗೆ ತಾಗೂವಲ್ಲೋ. ಅಂಚು ನಿಧಾನಕ್ಕ ಮಾಸಿ ಹೋಗ್ತದ, ತುರಿಕಿ ಇರಂಗಿಲ್ಲ. ಹುಳಕಡ್ಡಿ ಆದ್ರ ತುರಿಕಿ ಜಾಸ್ತಿ, ಅಂಚು ಬಳಿ ಹಂಗ ಎದ್ದು ಕಾಣ್ತದ, ನಡುವ ತಿಳಿ ಇರ್ತದ. ಇನ್ನೊಂದು ಅದ, ಅದಕ್ಕ ನೀವು ಹೆಚ್ಚು ಗಮನ ಕೊಡ್ರಿ. ಬಗಲಿನ ಜೋಡಿ ಕುತಗಿ ಹಿಂದೂ ಕಪ್ಪಾಗಿ, ಮುಟ್ಟಿದ್ರ ಮಖಮಲ್ ಅರಬಿ ಹಂಗ ಮೆತ್ತಗ, ದಪ್ಪಗ, ಗೆರಿ ಗೆರಿ ಇದ್ರ, ಸಣ್ಣ ಸಣ್ಣ ತೊಗಲಿನ ಗಂಟು ಜೋತಿದ್ರ, ಅದು ಬರೀ ತೊಗಲಿನ ಮಾತಲ್ಲ. ಮೈಯಾಗಿನ ಇನ್ಸುಲಿನ್ ಸರಿ ಕೆಲಸ ಮಾಡವಲ್ದು ಅಂತ ಅದರ ಅರ್ಥ. ಮುಂದ ಸಕ್ರಿ ಬ್ಯಾನಿ ಬರೂ ಸೂಚನಾ ಆಗಿರಬಹುದು, ಹುಡಿಗ್ಯಾರಿಗೆ ತಿಂಗಳದ್ದು ತಪ್ಪೂ ಪಿಸಿಓಡಿ ಇರಬಹುದು. ಅದಕ್ಕ ಏನ್ ಕ್ರೀಮ್ ಹಚ್ಚಿದ್ರೂ ಅಷ್ಟಕ್ಕಷ್ಟ. ತೂಕ ಇಳಿಸಿದಂಗ, ಸಕ್ರಿ ಹದಕ್ಕ ಬಂದಂಗ ತಾನ ತಿಳಿ ಆಗ್ತದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಕೂ ಕಡೆ ತಾಲ್ಲೂಕ ಆಸ್ಪತ್ರಿ ಅದಾವ, ರಕ್ತದಾಗಿನ ಸಕ್ರಿ ತಪಾಸಣಿ ಮಾಡ್ತಾರ, ಅಲ್ಲಿಗೆ ಮೊದಲು ಹೋಗ್ರಿ. ತೂಕ ಹೆಚ್ಚಿಲ್ಲದ ದೊಡ್ಡ ವಯಸ್ಸಿನವರಿಗೆ ಹಿಂಗ ಒಮ್ಮಿಂದೊಮ್ಮೆ ಬಂದು ಜಲ್ದಿ ಹಬ್ಬಿದ್ರ ತಡಾ ಮಾಡದ ತೋರಿಸಬೇಕು.

ಮತ್ತೊಂದು ಮಜಾ ಅದ. ಕೆಲವರ ಬಗಲು ಕಪ್ಪೇ ಆಗಿರಂಗಿಲ್ಲ, ಬ್ಲೇಡ್ ಆಡಿಸಿದ ಕೂದಲದ ಬುಡ ತೊಗಲಿನ ಕೆಳಗಿಂದ ಕಾಣ್ತಿರ್ತದ, ಗಂಡಸರ ಗಡ್ಡ ತಗದ ಮ್ಯಾಲ ಗಲ್ಲ ಹಸರಗಪ್ಪು ಕಾಣ್ತದಲ್ಲ ಹಂಗ. ಕೈ ಮ್ಯಾಲೆತ್ತಿ ತೊಗಲು ಬಿಗಿ ಹಿಡದು ನೋಡ್ರಿ, ಚುಕ್ಕಿ ಚುಕ್ಕಿ ಕಂಡ್ರ ಅದು ಬುಡ. ಅದಕ್ಕ ಯಾವ ಕ್ರೀಮೂ ನಡ್ಯಂಗಿಲ್ಲ, ವ್ಯರ್ಥ ರೊಕ್ಕ.

ಅಕ್ಕನ ಮಗಳಿಗೆ ಸಕ್ರಿ ಸರಿ ಇತ್ತು, ಕುತಗಿ ಸ್ವಚ್ಛ ಇತ್ತು, ಹುಳಕಡ್ಡಿ ಇರಲಿಲ್ಲ. ಉಜ್ಜಿದ್ದು, ಬ್ಲೇಡು, ಲಿಂಬಿ, ಟ್ಯೂಬು, ನಾಕೂ ಕೂಡಿ ಮಾಡಿದ ಕೆಲಸ. ಮೊದಲಿನ ತಿಂಗಳು ಡಾಕ್ಟರ್ ಬಾಯಿ ಏನೂ ಬೆಳ್ಳಗ ಮಾಡೂದು ಕೊಡಲೇ ಇಲ್ಲ. ಟ್ಯೂಬು ಬಂದ್, ಬ್ಲೇಡು ಬಂದ್, ಸ್ಪ್ರೇ ಬಂದ್. ವಾಸನಿ ಇಲ್ಲದ ಸಾದಾ ಮಾಯ್ಶ್ಚರೈಸರ್ ಎರಡ ಹೊತ್ತು. ಟ್ಯೂಬು ಬಿಟ್ಟ ಮೊದಲಿನ ಎರಡು ವಾರ ಕೆಂಪಾಗಿ, ಮೊದಲಿಗಿಂತ ಕಪ್ಪಾಗಿ ಕಾಣ್ತು, ಹುಡುಗಿ ಅತ್ತಳು. ಆವಾಗ ಮತ್ತ ಟ್ಯೂಬಿನ ಕಡೆ ಕೈ ಹೋಗೂದು, ಅಲ್ಲೇ ತಡೀಬೇಕು. ಮೂರನೇ ವಾರಕ್ಕ ಉರಿ ಇಳೀತು.

ಐದನೇ ವಾರಕ್ಕ ಒಂದ ಒಂದು ಔಷಧ ಶುರು ಮಾಡಿದ್ರು, ಅಜೆಲಾಯಿಕ್ ಆಸಿಡ್ ನೂರಕ್ಕ 10ರ ಕ್ರೀಮು. ಮೊದಲು ತೋಳಿನ ಒಳಗಡೆ ಜರಾ ಹಚ್ಚಿ ಎರಡು ದಿನ ನೋಡೂದು. ಏನೂ ಆಗಲಿಲ್ಲ ಅಂದ್ರ ರಾತ್ರಿ ಮಲಗೂ ಮುಂದ, ಬಗಲು ಪೂರಾ ಒಣಗಿದ ಮ್ಯಾಲ, ಕಡ್ಲಿಕಾಳಿನಷ್ಟು ತಗೊಂಡು ಎರಡೂ ಬಗಲಿಗೆ ತೆಳ್ಳಗ. ಮೊದಲ ಎರಡು ವಾರ ದಿನಾ ಬಿಟ್ಟು ದಿನಾ, ಆಮ್ಯಾಲ ದಿನಾ ರಾತ್ರಿ. ಶುರುವಿಗೆ ಐದ ಹತ್ತು ನಿಮಿಷ ಚುಮುಚುಮು ಅಂತದ, ಅದು ನಡೀತದ. ಮುಂಜಾನಿತನ ಕೆಂಪಾಗಿದ್ರ, ಉರಿ ನಿಲ್ಲದಿದ್ರ, ಸಿಪ್ಪಿ ಎದ್ರ, ನಾಕು ದಿನ ಬಿಟ್ಟು ಮತ್ತ ವಾರಕ್ಕ ಎರಡು ಸಲದಿಂದ ಶುರು ಮಾಡೂದು. ಜಾಸ್ತಿ ಹಚ್ಚಿದ್ರ ಲಗೂ ಆಗ್ತದ ಅನ್ನೂದು ಇಲ್ಲ. ಈ ಜಾಗಾದಾಗ ಉರಿ ಆತಂದ್ರ ಮತ್ತ ಕಪ್ಪು, ಅದ ಗಾಣ.

ಇದಕ್ಕಿಂತ ಮೆತ್ತಗಿಂದು ಬೇಕಂದ್ರ ನಯಾಸಿನಮೈಡ್ ನೂರಕ್ಕ 4 ಇಲ್ಲಾ 5ರ ಲೋಶನ್ ಅದ, ಅದಕ್ಕ ಉರಿ ಕಡಿಮಿ, ಕೆಲಸಾನೂ ನಿಧಾನ. ತೊಡಿ ಸಂದಿ ತೊಗಲು ದಪ್ಪ, ಒರಟು ಆಗಿದ್ರ ಯೂರಿಯಾ ನೂರಕ್ಕ 10ರ ಕ್ರೀಮು ಮೆತ್ತಗ ಮಾಡ್ತದ. ಹೊಲಕ್ಕ ಹಾಕೂ ಯೂರಿಯಾ ಅಲ್ರೀ ಮತ್ತ, ಯಾರರೆ ಚೀಲದ್ದು ತಗದೀರಿ! ಗಾಯ ಇದ್ದಲ್ಲಿ, ತೊಗಲು ಕಿತ್ತಲ್ಲಿ ಹಚ್ಚಬಾರದು. ಮೂರರಾಗ ಒಂದು ಆರಸ್ರಿ, ಮೂರೂ ಕೂಡಿಸಬ್ಯಾಡ್ರಿ. ಬಸರಿ, ಬಾಣಂತಿ ಇದ್ದವರು ಡಾಕ್ಟರ್‌ಗೆ ಕೇಳದ ಏನೂ ಬ್ಯಾಡ. ಮತ್ತ ನಡು ಬಸರಿನಾಗ ಬಗಲು, ಕುತಗಿ ಕಪ್ಪಾಗೂದು ಸಹಜ, ಹಡದ ಮ್ಯಾಲ ಕೆಲವು ತಿಂಗಳದಾಗ ಬಹಳಷ್ಟು ತಿಳಿ ಆಗ್ತದ.

ತೊಗಲು ಹೊಸದಾಗಿ ಮ್ಯಾಲ ಬರಲಿಕ್ಕ ಸುಮಾರು ಒಂದು ತಿಂಗಳು ಬೇಕು. ಅದಕ್ಕ ಹದಿನೈದು ದಿನದಾಗ ಬೆಳ್ಳಗ ಮಾಡ್ತೀವಿ ಅನ್ನೂದನ್ನ ನಂಬಬ್ಯಾಡ್ರಿ. ಹುಡುಗಿಗೆ ಎರಡು ತಿಂಗಳತನ ಏನೂ ಕಾಣಲಿಲ್ಲ. ನಾ ಆಕಿಗೆ ತಿಂಗಳಿಗೊಮ್ಮೆ ಅದ ಕಿಟಕಿ ಮುಂದ, ಅದ ಮುಂಜಾನಿ ಬೆಳಕಿನಾಗ ತಾನ ಒಂದು ಫೋಟೋ ತಗದು ಇಟ್ಕೊ ಅಂದಿದ್ದೆ, ದಿನಾ ಕನ್ನಡಿ ನೋಡಿದ್ರ ಗೊತ್ತಾಗಂಗಿಲ್ಲ ಅಂತ. ಮೂರನೇ ಫೋಟೋದಾಗ ಅಂಚು ಮಾಸಿತ್ತು, ನಾಕನೇದ್ರಾಗ ಆಕಿಗೇ ನಗಿ ಬಂತು. ತೋಳಿನ ಬಣ್ಣಕ್ಕ ಬಂದಿಲ್ಲ, ಬರೂದೂ ಇಲ್ಲ. ಬಗಲು ಮೂಲದಾಗನ ತೋಳಿಗಿಂತ ಒಂದು ಛಾಯಾ ಕಪ್ಪಿರ್ತದ, ಹುಟ್ಟಿನಿಂದ. ಅದನ್ನೂ ಅಳಸ್ತೀನಿ ಅಂತ ಹೊಂಟ್ರ ಮತ್ತ ಟ್ಯೂಬಿನ ಅಂಗಡಿಗೇ ಹೋಗಬೇಕಾಗ್ತದ.

ಈಗ ಕೂದಲದ ಮಾತು. ಕೂದಲಾ ತಗೀಲೇಬೇಕಂತ ಏನಿಲ್ಲ, ಆದ್ರ ಈಗಿನ ಹುಡಿಗ್ಯಾರು ಕೇಳಂಗಿಲ್ಲ, ನಾವೂ ತಗದವರ. ಸಣ್ಣ ಕತ್ತರಿಲೆ, ಇಲ್ಲಾ ಬ್ಯಾಟರಿ ಟ್ರಿಮ್ಮರ್‌ಲೆ ಸಣ್ಣಗ ಕತ್ತರಿಸಿದ್ರ ತೊಗಲಿಗೆ ಬ್ಲೇಡೇ ತಾಗಂಗಿಲ್ಲ, ಇದು ಎಲ್ಲಾಕ್ಕಿಂತ ಚಲೋ. ಬ್ಲೇಡೇ ಬೇಕಂದ್ರ, ಜಳಕಾದ ಕೊನಿಗೆ, ಬೆಚ್ಚಗಿನ ನೀರಿಗೆ ಕೂದಲಾ ಮೆತ್ತಗಾದ ಮ್ಯಾಲ ಆಡಸ್ರಿ. ಮೊದಲು ಉದ್ದ ಇದ್ದದ್ದು ಕತ್ತರಿಲೆ ಕತ್ತರಿಸಿ, ಶೇವಿಂಗ್ ಕ್ರೀಮು ಹಚ್ಚಿ ಎರಡು ನಿಮಿಷ ಬಿಡ್ರಿ. ಬಗಲ ಕೂದಲಾ ಒಂದ ದಿಕ್ಕಿಗೆ ಬೆಳ್ಯಂಗಿಲ್ಲ, ಮ್ಯಾಲಿಂದು ಮ್ಯಾಲ, ಕೆಳಗಿಂದು ಕೆಳಗ. ಬೆಳದ ದಿಕ್ಕಿಗೇ, ಹಗೂರಕ, ಒಂದ ಜಾಗಾದಾಗ ಎರಡು ಸಲಕ್ಕಿಂತ ಹೆಚ್ಚು ಬ್ಯಾಡ. ನುಣ್ಣಗ ಆಗಲಿಲ್ಲ ಅಂತ ಉಲ್ಟಾ ಎಳದ್ರ ಕೂದಲಾ ತೊಗಲಿನೊಳಗ ತಿರುಗಿ ಬೆಳದು ಗುಳ್ಳಿ ಆಗ್ತದ, ಗುಳ್ಳಿಯಿಂದ ಕಪ್ಪು ಚುಕ್ಕಿ. ಗಂಡನ ರೇಜರ್ ಮುಟ್ಟಬ್ಯಾಡ್ರಿ. ಬ್ಲೇಡು ಐದಾರು ಸಲಕ್ಕ ಬದಲಿ ಮಾಡ್ರಿ. ಬಚ್ಚಲದಾಗ ಒದ್ದಿ ಇಡಬ್ಯಾಡ್ರಿ, ಜಾಡಿಸಿ ಒಣಾ ಜಾಗಾದಾಗ ಇಡ್ರಿ. ಆಮ್ಯಾಲ ಒತ್ತಿ ಒರಸಿಕೊಂಡು, ಮಾಯ್ಶ್ಚರೈಸರ್ ಅಷ್ಟ. ಸ್ಪ್ರೇನೂ ಬೆಳ್ಳಗ ಮಾಡೂ ಕ್ರೀಮೂ ಮರುದಿನದತನ ಇಲ್ಲ. ಕೂದಲಾ ಉದುರಿಸೂ ಕ್ರೀಮು ಮತ್ತ ವ್ಯಾಕ್ಸು ಕೆಲವರಿಗೆ ನಡೀತಾವ, ಕೆಲವರಿಗೆ ಬ್ಲೇಡಿಗಿಂತ ಹೆಚ್ಚು ಸುಡ್ತಾವ. ಸಲಸಲಕ್ಕ ಗುಳ್ಳಿ ಏಳೋರು ರೊಕ್ಕ ಕೂಡಿಸಿ ಡಾಕ್ಟರ್ ಕಡೆ ಲೇಜರ್ ಮಾಡಿಸೂದು ಹೆಚ್ಚು ಉಪಯೋಗ ಅಂತ ನನ್ನ ಅಭಿಪ್ರಾಯ, ಕೂದಲಾನೂ ಕಡಿಮಿ ಆಗ್ತದ, ಬ್ಲೇಡಿನ ಉಜ್ಜಾಟಾನೂ ತಪ್ಪತದ.

ತೊಡಿ ಸಂದಿಗೆ ಕ್ರೀಮಿಗಿಂತ ಅರಬಿನ ಔಷಧ. ಸೀರಿ ಲಂಗದ ಒಳಗ, ನೈಟಿ ಒಳಗ ತೊಡಿ ನಡುವ ಏನೂ ಇರಂಗಿಲ್ಲ, ನಡದಷ್ಟೂ ಉಜ್ಜತಾವ. ದಪ್ಪ ಇದ್ದವರಿಗಷ್ಟ ಅಂತ ತಿಳೀಬ್ಯಾಡ್ರಿ, ಬಡಕಲಿದ್ದವರಿಗೂ ಬೆವರಿನಾಗ ಉಜ್ಜತಾವ. ಹೊಲಕ್ಕ ಹೋಗೋರು, ಶ್ರೀಶೈಲಕ್ಕ ಪಾದಯಾತ್ರಿ ಹೋಗೋರು ಇದನ್ನ ಅನುಭವಿಸಿರ್ತೀರಿ, ಎರಡನೇ ದಿನಕ್ಕ ಕಾಲು ಅಗಲ ಇಟ್ಟು ನಡೀಬೇಕಾಗ್ತದ. ಮೊಣಕಾಲಿನ ಮ್ಯಾಲಿನತನ ಬರೂ ಹತ್ತಿ ಬನಿಯನ್ ಅರಬಿದು ಮೆತ್ತಗಿನ ಶಾರ್ಟ್ಸ್ ಲಂಗದ ಒಳಗ ಹಾಕ್ಕೊಳ್ರಿ. ಹೊಲಿಗಿ ತೊಡಿ ಒಳಗಿನ ಬದಿಗೆ ಬರಬಾರದು. ನಡ್ಯೂಕಿಂತ ಮೊದಲು ಪೆಟ್ರೋಲಿಯಂ ಜೆಲ್ಲಿ ತೆಳ್ಳಗ ಸವರಿದ್ರ ಜಾರತದ, ಉಜ್ಜಂಗಿಲ್ಲ. ಬೆವತು ಬಂದ ಮ್ಯಾಲ ತೊಳದು, ಒತ್ತಿ ಒರಸಿ, ಒಣಾ ಅರಬಿ. ತಿಂಗಳದ ದಿನದಾಗ ಪ್ಯಾಡಿನ ರೆಕ್ಕಿ ಅಂಚು ಸುದ್ದಾ ತೊಡಿ ಸಂದಿಗೆ ಉಜ್ಜತದ, ಎರಡೂ ಕಡೆ ಒಂದ ಸಮ ಗೆರಿ ಹಂಗ ಕಪ್ಪಾಗಿದ್ರ ಅದನ್ನ ಅನುಮಾನಿಸ್ರಿ, ಹತ್ತಿ ಮೈಯ ಪ್ಯಾಡಿಗೆ ಬದಲಾಗ್ರಿ.

ಕುಬಸದ ಮಾತು ಉಳೀತು. ಪಂಚಮಿಗೆ ಕುಬಸ ಹೊಲಿಸೋರು ಟೇಲರ್‌ಗೆ ತೋಳಿನ ಬಾಯಿ ಜರಾ ಸಡ್ಲ ಹೊಲೀರಿ ಅಂತ ಹೇಳ್ರಿ. ಹಾಕ್ಕೊಂಡು ಕೈ ಮ್ಯಾಲೆತ್ತಿದಾಗ ಬಗಲ ಕೆಳಗ ಎರಡು ಬೆರಳು ಸರಾಗ ಹೋಗಬೇಕು. ಅಸ್ತರ ಹತ್ತೀದು ಇರಲಿ. ಸಾಟಿನ್ ಅಸ್ತರ ಚಂದ ಕಾಣ್ತದ, ಆದ್ರ ಬೆವರು ಹೀರಂಗಿಲ್ಲ. ಒಳಗಿನ ಹೊಲಿಗಿ ಅಂಚು ಗರಸಗರಸ ಬಿಡದ ಮೆತ್ತಗಿನ ಪಟ್ಟಿ ಹಾಕಿ ಮುಚ್ಚಲಿ. ಇದ್ದ ಹಳೇ ಕುಬಸಕ್ಕ ಬಗಲಾಗ ಒಳಗ ಬಿಟ್ಟ ಅರಬಿ ಇದ್ರ ಅರ್ಧ ಇಂಚು ಬಿಚ್ಚಿಸಿದ್ರ ಸಾಕು, ಅದಕ್ಕ ಹೊಸಾ ಕುಬಸ ಬೇಕಾಗಂಗಿಲ್ಲ. ಟೇಲರ್ "ಫಿಟಿಂಗ್ ಹೋಗ್ತದ ಬಾಯಾರ" ಅಂತಾನ, ಹೋಗಲಿ ಅನ್ರಿ.